ಮುಳುಗುವ ಸೂರ್ಯನಿಗೆ ಅಂಚು ಕಟ್ಟುವ ಮೊದಲು

ಮದುವೆಯ ಸೀಸನ್ ಶುರುವಾಯಿತೆಂದರೆ ನಮ್ಮ ಕರಾವಳಿಯ ಸೂರ್ಯಾಸ್ತಗಳೆಲ್ಲ ವಾಟ್ಸ್ಆ್ಯಪ್ಪಿಗೆ ಬಂದು ಬೀಳತೊಡಗುತ್ತವೆ. ಮಲ್ಪೆಯೋ ಮುರುಡೇಶ್ವರವೋ ಗೋಕರ್ಣವೋ, ಪ್ರೀ ವೆಡ್ಡಿಂಗ್ ವಿಡಿಯೊ ಎಂದಮೇಲೆ ಕಡಲಂಚಿನಲ್ಲಿ ನಿಂತ ಹುಡುಗ ಹುಡುಗಿ, ಹಿಂದೆ ಮುಳುಗುವ ಸೂರ್ಯ ಇರಲೇಬೇಕು. ಈ ಕ್ಲಿಪ್ಪುಗಳಲ್ಲಿ ಹತ್ತಕ್ಕೆ ಆರೇಳರಲ್ಲಿ ಎರಡು ದೋಷಗಳು ಜೊತೆಜೊತೆಗೇ ಕಾಣುತ್ತವೆ. ಒಂದು, ಸೂರ್ಯ ಬೆಳಗುತ್ತಿರುವುದಿಲ್ಲ. ಮಾಸಲು ಬಣ್ಣದ ಬಿಲ್ಲೆಯೊಂದನ್ನು ಆಕಾಶಕ್ಕೆ ಅಂಟಿಸಿದ ಹಾಗಿರುತ್ತದೆ. ಇನ್ನೊಂದು, ಫ್ರೇಮಿನ ನಾಲ್ಕೂ ಮೂಲೆಗಳು ಕಪ್ಪಗೆ ಮುಚ್ಚಿಕೊಂಡು ನಡುವೆ ಮೊಟ್ಟೆಯಾಕಾರದ ಬೆಳಕು ಉಳಿದಿರುತ್ತದೆ. ಎಡಿಟರನ್ನು ಕೇಳಿದರೆ ಉತ್ತರ ಸಿದ್ಧವಿರುತ್ತದೆ: ಹೈಲೈಟ್ ಇಳಿಸಿದ್ದೇನೆ, ವಿನ್ಯೆಟ್ ಹಾಕಿದ್ದೇನೆ.

ಎರಡೂ ಮಾಡಬೇಕಾದ ಕೆಲಸಗಳೇ. ಆದರೆ ಹೈಲೈಟ್ ಇಳಿಸುವುದೆಂದರೆ ಚಿತ್ರದ ಅತಿ ಬೆಳಕಿನ ಜಾಗವನ್ನು ಮಂಕು ಮಾಡುವುದು ಎಂದೂ, ವಿನ್ಯೆಟ್ ಎಂದರೆ ಅಂಚಿಗೆ ಕಪ್ಪು ಬಳಿಯುವುದು ಎಂದೂ ತಿಳಿದುಕೊಂಡು ಕೂತರೆ ಸೂರ್ಯಾಸ್ತದ ಕ್ಲಿಪ್ಪಿನಲ್ಲಿ ಇವೆರಡೂ ಪರಸ್ಪರ ಜಗಳಕ್ಕೆ ಬೀಳುತ್ತವೆ. ಉಳಿದ ಶಾಟುಗಳಲ್ಲಿ ನಮಗೆ ಬೇಕಾದದ್ದು ಫ್ರೇಮಿನ ನಡುವೆ ಇರುತ್ತದೆ, ಬೇಡವಾದ ಬೆಳಕು ಅಂಚಿನಲ್ಲಿರುತ್ತದೆ. ಸೂರ್ಯಾಸ್ತದಲ್ಲಿ ಹಾಗಲ್ಲ. ಅತಿ ಬೆಳಕಿನ ಜಾಗವೇ ನಮಗೆ ಬೇಕಾದದ್ದು, ಅದು ಸಾಮಾನ್ಯವಾಗಿ ಫ್ರೇಮಿನ ಒಂದು ಪಕ್ಕದಲ್ಲಿರುತ್ತದೆ. ಹಾಗಾಗಿ ಅಭ್ಯಾಸಬಲದ ವಿನ್ಯೆಟ್ ಸೂರ್ಯನನ್ನೇ ಮೊದಲು ನುಂಗುತ್ತದೆ.

ಒಂದು ಕ್ಲಿಪ್ಪನ್ನು ಎದುರಿಗಿಟ್ಟುಕೊಂಡು ನೋಡೋಣ. ಮಲ್ಪೆ ಬೀಚು, ಇಪ್ಪತ್ತು ಸೆಕೆಂಡಿನ ಶಾಟು, ಕ್ಯಾಮೆರಾ ಟ್ರೈಪಾಡಿನ ಮೇಲೆ. ಸೂರ್ಯ ಎಡಗಡೆ ಮೂರನೇ ಒಂದು ಭಾಗದಲ್ಲಿ, ಕ್ಷಿತಿಜಕ್ಕಿಂತ ಎರಡು ಬೆರಳು ಮೇಲೆ. ಬಲಗಡೆ ಜೋಡಿ, ಹೆಚ್ಚುಕಡಿಮೆ ನೆರಳುಚಿತ್ರ. ನಡುವೆ ದೂರದಲ್ಲಿ ಒಂದು ಬೋಟು. ಕೆಳಗಿನ ಮೂರನೇ ಒಂದು ಭಾಗ ಒದ್ದೆ ಮರಳು. ರೆಕಾರ್ಡ್ ಆಗಿರುವುದು ಮಾಮೂಲಿ 8 ಬಿಟ್ಟಿನಲ್ಲಿ, ಲಾಗ್ ಅಲ್ಲ. ಮದುವೆ ಸ್ಟುಡಿಯೊಗಳಲ್ಲಿ ದಿನನಿತ್ಯ ಸಿಗುವಂಥ ಸಾಮಗ್ರಿ. ಸಾಫ್ಟ್‌ವೇರು ಡಾವಿಂಚಿ ರಿಸಾಲ್ವ್ ಅಂದುಕೊಳ್ಳಿ. ಹೇಳಲಿರುವ ಕೆಲಸಕ್ಕೆ ಅದರ ಉಚಿತ ಆವೃತ್ತಿಯೇ ಸಾಕು.

ಬಣ್ಣಕ್ಕೆ ಕೈಹಾಕುವ ಮೊದಲು ವೇವ್‌ಫಾರ್ಮ್ ತೆರೆಯಬೇಕು. ಚಿತ್ರದ ಎಡದಿಂದ ಬಲಕ್ಕೆ ಎಲ್ಲೆಲ್ಲಿ ಎಷ್ಟೆಷ್ಟು ಬೆಳಕಿದೆ ಎಂದು ತೋರಿಸುವ ನಕ್ಷೆ ಅದು. ಕೆಳಗೆ 0 ಅಂದರೆ ಕಡುಗಪ್ಪು, ಮೇಲೆ 1023 ಅಂದರೆ ಪೂರ್ತಿ ಬಿಳಿ. ನಮ್ಮ ಕ್ಲಿಪ್ಪಿನಲ್ಲಿ ಜೋಡಿಯ ಆಕೃತಿ 60ರ ಆಸುಪಾಸು, ಮರಳು 200ರಿಂದ 300, ಮೇಲಿನ ಮೂಲೆಯ ಆಕಾಶ 420, ಸೂರ್ಯನ ಸುತ್ತಲಿನ ಪ್ರಭೆ 850ರಿಂದ 950 ಇದೆ ಎಂದಿಟ್ಟುಕೊಳ್ಳಿ. ಸೂರ್ಯನಿರುವ ಜಾಗದಲ್ಲಿ ಗೆರೆ 1023ಕ್ಕೆ ಹೋಗಿ ತಟ್ಟನೆ ಚಪ್ಪಟೆಯಾಗಿದೆ.

ಆ ಚಪ್ಪಟೆ ಗೆರೆಯೇ ಈ ಕತೆಯ ಖಳನಾಯಕ. ಸೆನ್ಸರಿಗೆ ತಾಳಲಾರದಷ್ಟು ಬೆಳಕು ಬಿದ್ದಾಗ ಅಲ್ಲಿನ ಲೆಕ್ಕ ನಿಂತುಹೋಗುತ್ತದೆ. ಅದಕ್ಕಿಂತ ಮೇಲೆ ಎಷ್ಟಿತ್ತು ಎಂಬ ಮಾಹಿತಿ ಫೈಲಿನಲ್ಲಿ ಇರುವುದೇ ಇಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಗೇನ್ ಚಕ್ರವನ್ನು ಸುಮ್ಮನೆ ಕೆಳಕ್ಕೆ ತಿರುಗಿಸಿ ವೇವ್‌ಫಾರ್ಮನ್ನು ನೋಡಿ. ಚಪ್ಪಟೆ ಗೆರೆ ಇಳಿಯುತ್ತ ಇಳಿಯುತ್ತ ಬಿಡಿಸಿಕೊಂಡು, ಉಬ್ಬುತಗ್ಗು ಕಾಣಿಸಿದರೆ ಒಳಗೆ ಏನೋ ಉಳಿದಿದೆ ಎಂದರ್ಥ. ಕೆಲವು ಕ್ಯಾಮೆರಾಗಳು ಬಿಳಿಯ ಗಡಿಯನ್ನು ದಾಟಿದ ಸ್ವಲ್ಪ ಬೆಳಕನ್ನೂ ಬರೆದಿಟ್ಟುಕೊಳ್ಳುತ್ತವೆ. ರಿಸಾಲ್ವ್ ಅದನ್ನು ಎಸೆಯದೆ ಒಳಗೆ ಕಾಪಾಡಿಕೊಂಡಿರುತ್ತದೆ. ಗೆರೆ ಚಪ್ಪಟೆಯಾಗಿಯೇ ಕೆಳಗಿಳಿದರೆ ಅಲ್ಲಿಗೆ ಮುಗಿಯಿತು. ಆ ಜಾಗದಲ್ಲಿ ಏನೂ ಇಲ್ಲ, ಎಷ್ಟೇ ಇಳಿಸಿದರೂ ಸಿಗುವುದು ಬೂದು ಬಿಲ್ಲೆ ಮಾತ್ರ. ಪರೀಕ್ಷೆ ಆದಮೇಲೆ ಗೇನನ್ನು ಮೊದಲಿನ ಜಾಗಕ್ಕೆ ತನ್ನಿ.

ನಮ್ಮ ಕ್ಲಿಪ್ಪಿನ ಸೂರ್ಯ ಆ ಎರಡನೇ ಜಾತಿಯವನು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ನಾವು ಕಣ್ಣಾರೆ ನೋಡುವಾಗಲೂ ಸೂರ್ಯನ ಮೈಮೇಲೆ ವಿವರಗಳನ್ನು ಹುಡುಕುವುದಿಲ್ಲವಲ್ಲ. ಅವನು ಬಿಳಿಯಾಗಿಯೇ ಇರಲಿ. ಕೆಲಸವಿರುವುದು ಅವನ ಸುತ್ತಲಿನ ಪ್ರಭೆಯಲ್ಲಿ. ಸೂರ್ಯ 1023, ಪ್ರಭೆ 950 ಆದರೆ ಇಬ್ಬರಿಗೂ ವ್ಯತ್ಯಾಸವೇ ಇಲ್ಲ, ಎಲ್ಲ ಸೇರಿ ಒಂದು ಬಿಳಿ ಹಳದಿ ಮುದ್ದೆ. ಪ್ರಭೆ 780ಕ್ಕೆ ಇಳಿದು ಸೂರ್ಯ ಮೇಲೆಯೇ ಉಳಿದರೆ ಆಗ ಸೂರ್ಯ ಬೆಳಗುತ್ತಾನೆ. ಸೂರ್ಯಾಸ್ತದಲ್ಲಿ ಹೈಲೈಟ್ ಇಳಿಸುವುದೆಂದರೆ ನನ್ನ ಪ್ರಕಾರ ಇಷ್ಟೇ: ಅತಿ ಬೆಳಕಿಗೂ ಅದರ ಪಕ್ಕದ ಬೆಳಕಿಗೂ ನಡುವೆ ಜಾಗ ಮಾಡಿಕೊಡುವುದು.

ಇದನ್ನು ಯಾವ ಸಾಧನದಿಂದ ಮಾಡುತ್ತೀರಿ ಎನ್ನುವುದರ ಮೇಲೆ ಬಣ್ಣವೇ ಬದಲಾಗಿಹೋಗುತ್ತದೆ. ಸ್ವಲ್ಪ ನಿಂತು ನೋಡಬೇಕಾದ ಜಾಗ ಇದು.

ವೇವ್‌ಫಾರ್ಮನ್ನು ಪರೇಡ್‌ಗೆ ಬದಲಿಸಿ. ಕೆಂಪು, ಹಸಿರು, ನೀಲಿ ಮೂರೂ ಬೇರೆಬೇರೆಯಾಗಿ ಅಕ್ಕಪಕ್ಕ ನಿಲ್ಲುತ್ತವೆ. ಸಂಜೆಯ ಬೆಳಕು ವಾತಾವರಣದೊಳಗೆ ತುಂಬ ದೂರ ಹಾದು ಬರುವುದರಿಂದ ಅದರಲ್ಲಿನ ನೀಲಿ ದಾರಿಯಲ್ಲೇ ಚದುರಿಹೋಗಿರುತ್ತದೆ, ಉಳಿದು ಬರುವುದರಲ್ಲಿ ಕೆಂಪಿನದೇ ದೊಡ್ಡ ಪಾಲು. ಆದ್ದರಿಂದ ಕ್ಯಾಮೆರಾದಲ್ಲಿ ಮೊದಲು ತುಂಬಿ ಹರಿಯುವುದು ಕೆಂಪು. ಪರೇಡಿನಲ್ಲಿ ನೋಡಿದರೆ ಹಸಿರು ಸೂರ್ಯನ ಬಿಲ್ಲೆಯಲ್ಲಿ ಮಾತ್ರ ಚಪ್ಪಟೆಯಾಗಿರುತ್ತದೆ, ಕೆಂಪಾದರೋ ಪ್ರಭೆಯ ಉದ್ದಕ್ಕೂ ಚಪ್ಪಟೆ. ಪ್ರಭೆಯ ಒಂದು ಜಾಗದಲ್ಲಿ ಕೆಂಪು 1023, ಹಸಿರು 900, ನೀಲಿ 500 ಇದೆ ಅನ್ನೋಣ. ನಿಜವಾಗಿ ಅಲ್ಲಿನ ಕೆಂಪು ಇನ್ನೂ ಎಷ್ಟೋ ಮೇಲಿತ್ತು, ಗಡಿಯಲ್ಲಿ ಕತ್ತರಿಸಲ್ಪಟ್ಟಿದೆ. ಕೆಂಪು ತನ್ನ ಪಾಲು ಕಳೆದುಕೊಂಡಿದ್ದರಿಂದ ಕಿತ್ತಳೆಯಾಗಬೇಕಿದ್ದದ್ದು ಹಳದಿಗೆ ವಾಲಿದೆ. ಡಿಜಿಟಲ್ ಸೂರ್ಯಾಸ್ತಗಳಲ್ಲಿ ಸೂರ್ಯನ ಸುತ್ತ ಕಾಣುವ ಆ ನಿಂಬೆಹಳದಿ ಉಂಗುರ ಬರುವುದು ಹೀಗೆ.

ಈಗ ಗೇನನ್ನು 0.80ಕ್ಕೆ ಇಳಿಸಿದೆವು ಎನ್ನಿ. ಗೇನ್ ಮೂರನ್ನೂ ಒಂದೇ ಪ್ರಮಾಣದಲ್ಲಿ ಗುಣಿಸುತ್ತದೆ. 1023 ಸುಮಾರು 818 ಆಯಿತು, 900 ಹೋಗಿ 720, 500 ಹೋಗಿ 400. ಅನುಪಾತ ಹಾಗೆಯೇ ಉಳಿಯಿತು, ಬೆಳಕು ಮಾತ್ರ ತಗ್ಗಿತು. ಹಳದಿ ಅದೇ ಹಳದಿ, ಆದರೆ ಈಗ ಮಂಕು ಹಳದಿ. ಸಾಸಿವೆ ಅರೆದು ಬಳಿದ ಬಣ್ಣ. ಬಿಳಿಯಿದ್ದ ಸೂರ್ಯನೂ 818ಕ್ಕೆ ಇಳಿದು ಬೂದಾದ. ಜೊತೆಗೆ ಮರಳು, ನೀರು, ಜೋಡಿ ಎಲ್ಲವೂ ಒಂದಷ್ಟು ಕಪ್ಪಾದವು. ಲಾಗ್ ಚಕ್ರಗಳಿಗೆ ಹೋಗಿ ಅಲ್ಲಿನ ಹೈಲೈಟ್ ಚಕ್ರವನ್ನು ಇಳಿಸಿದರೆ ಮರಳು, ನೀರು ಬಚಾವಾಗುತ್ತವೆ, ಯಾಕೆಂದರೆ ಅದು `High Range` ಎಂಬ ಗಡಿಯ ಮೇಲಿನದನ್ನಷ್ಟೇ ಮುಖ್ಯವಾಗಿ ಮುಟ್ಟುತ್ತದೆ. ಆದರೆ ಸೂರ್ಯ ಬೂದಾಗುವುದು ಅಲ್ಲಿಯೂ ತಪ್ಪದು. ಅವನೂ ಗಡಿಯ ಮೇಲಿನವನೇ ತಾನೆ.

ಬೇಕಾದದ್ದು ಕರ್ವ್. ಕಸ್ಟಮ್ ಕರ್ವಿನಲ್ಲಿ ನಾಲ್ಕು ವಾಹಿನಿಗಳೂ ಒಟ್ಟಿಗೆ ಕಟ್ಟಿಕೊಂಡಿರುವ ಸ್ಥಿತಿಯಲ್ಲೇ ಕೆಲಸ ಶುರುಮಾಡಿ. ಮೊದಲು 250ರಲ್ಲಿ ಒಂದು ಚುಕ್ಕಿ, 500ರಲ್ಲಿ ಇನ್ನೊಂದು, ಇವನ್ನು ಅಲ್ಲಾಡಿಸಬಾರದು. ಕೆಳಗಿನ ಅರ್ಧ ಚಿತ್ರ ಇದ್ದ ಹಾಗೇ ಇರಲಿ ಎಂದು ಹೊಡೆದ ಗೂಟಗಳು ಅವು. ಆಮೇಲೆ 900ರ ಹತ್ತಿರ ಮೂರನೇ ಚುಕ್ಕಿ ಇಟ್ಟು ಅದನ್ನು 780ಕ್ಕೆ ಇಳಿಸಿ. ಮೇಲಿನ ಬಲತುದಿಯನ್ನು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಬಿಡಿ; 1023 ಇದ್ದದ್ದು 1010 ಆದರೆ ಸಾಕು.

ಈಗ ಅದೇ ಜಾಗದ ಲೆಕ್ಕ ನೋಡಿ. ಕತ್ತರಿಸಲ್ಪಟ್ಟ ಕೆಂಪು ತುದಿಯಲ್ಲಿದ್ದದ್ದರಿಂದ 1010ರಲ್ಲಿ ನಿಂತಿತು. ಹಸಿರು 900ರಿಂದ 780ಕ್ಕೆ ಇಳಿಯಿತು. ನೀಲಿ 500ರಲ್ಲೇ ಉಳಿಯಿತು. ಕೆಂಪಿಗೂ ಹಸಿರಿಗೂ ನಡುವಿನ ಅಂತರ ಹೆಚ್ಚಿ ನಿಂಬೆಹಳದಿ ಮತ್ತೆ ಕಿತ್ತಳೆಯ ಕಡೆಗೆ ಬಂತು. ಟಿವಿ ಮತ್ತು ವೆಬ್ ವಿಡಿಯೊಗಳ ಮಾನದಂಡವಾದ ರೆಕ್ 709ರಲ್ಲಿ ಒಟ್ಟು ಹೊಳಪಿನ ಸುಮಾರು ಶೇ. 72 ಪಾಲು ಹಸಿರಿನದು. ಹಸಿರು ಇಳಿದರೆ ಕಣ್ಣಿಗೆ ಬೆಳಕೇ ಇಳಿದಂತೆ. ಹಾಗಾಗಿ ಪ್ರಭೆ ತಗ್ಗಿತು, ಬಣ್ಣ ತುಂಬಿತು, ಸೂರ್ಯ ಬಿಳಿಯಾಗಿ ಉಳಿದ. ಕಳೆದುಹೋದ ಕೆಂಪು ವಾಪಸು ಬಂದಿಲ್ಲ, ಅದು ಬರುವುದೂ ಇಲ್ಲ. ಉಳಿದ ಎರಡನ್ನು ತಕ್ಕ ಮಟ್ಟಿಗೆ ಹೊಂದಿಸಿ ಅನುಪಾತವನ್ನಷ್ಟೇ ಸರಿಮಾಡಿದ್ದೇವೆ.

ಇದಕ್ಕೂ ಬೆಲೆ ತೆರಬೇಕು. 900ರಿಂದ 1023ರವರೆಗಿನ ಚಿಕ್ಕ ಪಟ್ಟಿಯನ್ನು ನಾವು 780ರಿಂದ 1010ರವರೆಗೆ ಹಿಗ್ಗಿಸಿದ್ದೇವೆ, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಈ 1023ರ ಅಳತೆ 10 ಬಿಟ್ಟಿನದು. ನಮ್ಮ 8 ಬಿಟ್ಟಿನ ಫೈಲಿನಲ್ಲಿ ಆ ಪಟ್ಟಿಯೊಳಗೆ ಇರುವುದು ಸುಮಾರು ಮೂವತ್ತು ಮೆಟ್ಟಿಲು ಮಾತ್ರ. ಮೂವತ್ತು ಮೆಟ್ಟಿಲನ್ನು ಎಳೆದು ಇಮ್ಮಡಿ ಎತ್ತರಕ್ಕೆ ಹರಡಿದರೆ ಮೆಟ್ಟಿಲುಗಳೇ ಕಣ್ಣಿಗೆ ಬೀಳತೊಡಗುತ್ತವೆ, ಸೂರ್ಯನ ಸುತ್ತ ಉಂಗುರದೊಳಗೆ ಉಂಗುರವಾಗಿ. ಆಕಾಶದಲ್ಲಿ ಮೋಡದ ಎಳೆಗಳಿದ್ದರೆ ಇದು ಮುಚ್ಚಿಹೋಗುತ್ತದೆ. ತಿಳಿ ಆಕಾಶವಾದರೆ ಬಯಲಾಗುತ್ತದೆ. ಚಿತ್ರವನ್ನು ಶೇ. 100 ಗಾತ್ರಕ್ಕೆ ದೊಡ್ಡದು ಮಾಡಿ ಸೂರ್ಯನ ಅಂಚನ್ನು ನೋಡಬೇಕು. ಕತ್ತರಿಯಿಂದ ಕತ್ತರಿಸಿದಂತೆ ಚೂಪಾದ ಅಂಚು ಕಂಡರೆ 780ರ ಆಸೆ ಬಿಟ್ಟು 820ಕ್ಕೆ ತೃಪ್ತಿಪಡುವುದು ಒಳ್ಳೆಯದು. ಬಣ್ಣ ಅತಿಯಾಗಿ ಉರಿಯುವ ಕಿತ್ತಳೆಯಾಗಿದ್ದರೆ `Lum Vs Sat` ಕರ್ವಿನಲ್ಲಿ ಮೇಲ್ತುದಿಯ ಸ್ಯಾಚುರೇಷನ್ನನ್ನು ಒಂದಿಷ್ಟು ಕೆಳಗೆ ತರಬಹುದು. ಲಾಗ್‌ನಲ್ಲಿ, 10 ಬಿಟ್ಟಿನಲ್ಲಿ ಹಿಡಿದ ಶಾಟಾದರೆ ಇಷ್ಟೆಲ್ಲ ಒದ್ದಾಟವಿಲ್ಲ. ಅಲ್ಲೂ ಸೂರ್ಯ ಬಿಳಿಯೇ, ಆದರೆ ಪ್ರಭೆಯ ಕೆಂಪು ಸಾಮಾನ್ಯವಾಗಿ ಕತ್ತರಿಸಲ್ಪಡದೆ ಉಳಿದಿರುತ್ತದೆ.

ಹೈಲೈಟ್ ಇಷ್ಟಾದ ಮೇಲೆ ವಿನ್ಯೆಟ್. ಮೊದಲು ವಿನ್ಯೆಟ್ ಹಾಕಿ ಆಮೇಲೆ ಹೈಲೈಟ್ ಸರಿಮಾಡುವುದು ಬೇಡ. ವಿನ್ಯೆಟ್ ಮೂಲೆಗಳ ಬೆಳಕನ್ನು ಆಗಲೇ ಬದಲಿಸಿರುತ್ತದೆ. ಅದರ ನಂತರ ಹಾಕುವ ಕರ್ವ್ ಒಂದೇ ಆಕಾಶದ ನಡುಭಾಗವನ್ನು ಒಂದು ರೀತಿ, ಮೂಲೆಯನ್ನು ಇನ್ನೊಂದು ರೀತಿ ಹಿಡಿಯುತ್ತದೆ. ಕರ್ವ್ ಇರುವ ನೋಡ್ ಮೊದಲು, `Alt+S` ಒತ್ತಿ ಸೇರಿಸಿದ ಹೊಸ ನೋಡ್ ಅದರ ನಂತರ. ಆ ಹೊಸದರಲ್ಲಿ ವಿನ್ಯೆಟ್ ಬರಲಿ.

ವಿನ್ಯೆಟ್ಟಿನ ಮೂಲ ಲೆನ್ಸಿನಲ್ಲಿದೆ. ಓರೆಯಾಗಿ ಒಳಬರುವ ಬೆಳಕು ಸೆನ್ಸರಿನ ಮೂಲೆಗೆ ತಲುಪುವಾಗ ಕ್ಷೀಣಿಸುತ್ತದೆ. ಸರಳ ಲೆನ್ಸಿನಲ್ಲಿ ಇದು ಕೋನದ ಕೊಸೈನಿನ ನಾಲ್ಕನೇ ಘಾತದಂತೆ ಇಳಿಯುತ್ತದೆ. 30 ಡಿಗ್ರಿ ಓರೆಯಾದರೆ ನಡುವಿನ ಬೆಳಕಿನ ಶೇ. 56ರಷ್ಟು ಮಾತ್ರ ಮೂಲೆಗೆ. ಲೆನ್ಸ್ ಮಾಡುವವರು ಇದನ್ನು ಹೋಗಲಾಡಿಸಲು ವರ್ಷಗಟ್ಟಲೆ ಹೆಣಗಿದ್ದಾರೆ, ನಾವು ದುಡ್ಡು ಕೊಟ್ಟು ಆ ಲೆನ್ಸ್ ತಂದು, ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಅದನ್ನೇ ವಾಪಸು ಹಾಕುತ್ತೇವೆ. ಇರಲಿ. ನಕಲಿಗೆ ಮೂಲ ಲೆನ್ಸಾದ್ದರಿಂದ ಹೆಚ್ಚಿನ ಆ್ಯಪ್‌ಗಳ ಸಿದ್ಧ ವಿನ್ಯೆಟ್ ಫ್ರೇಮಿನ ನಟ್ಟನಡುವಿಗೇ ಕಟ್ಟಿಕೊಂಡಿರುತ್ತದೆ. ಪ್ರೀಮಿಯರ್ ಪ್ರೊದ ಲುಮೆಟ್ರಿಯಲ್ಲಿರುವ ವಿನ್ಯೆಟ್ಟೂ ಹಾಗೆಯೇ. ಅದರ ಪ್ರಮಾಣ, ದುಂಡುತನ, ಮೃದುತನ ಬದಲಿಸಬಹುದು, ಜಾಗ ಬದಲಿಸಲು ಬರುವುದಿಲ್ಲ.

ಸೂರ್ಯಾಸ್ತದ ಆಕಾಶಕ್ಕೆ ತನ್ನದೇ ಆದ ವಿನ್ಯೆಟ್ ಒಂದಿದೆ. ಸೂರ್ಯನ ಬಳಿ ಅತಿ ಬೆಳಕು, ದೂರ ಹೋದಂತೆ ಕಡಿಮೆ, ಎದುರು ದಿಕ್ಕಿನ ಮೂಲೆಯಲ್ಲಿ ನೀಲಿಗಪ್ಪು. ನಮ್ಮ ಕ್ಲಿಪ್ಪಿನಲ್ಲಿ ಅದರ ಕೇಂದ್ರ ಎಡಗಡೆಯಲ್ಲಿದೆ. ಅದರ ಮೇಲೆ ನಡುವನ್ನು ಕೇಂದ್ರವಾಗಿಟ್ಟುಕೊಂಡ ಇನ್ನೊಂದನ್ನು ಹೇರಿದರೆ ಒಂದೇ ಆಕಾಶಕ್ಕೆ ಎರಡು ಕೇಂದ್ರಗಳಾಗುತ್ತವೆ. ಎಡ ಅಂಚು ಸೂರ್ಯನಿಗೆ ಹತ್ತಿರವಿದ್ದೂ ಕಪ್ಪಾಗುತ್ತದೆ, ಏನೂ ಇಲ್ಲದ ನಡು ಆಕಾಶ ಬೆಳಗುತ್ತದೆ. ನೋಡುವವರಿಗೆ ಇದನ್ನು ಹೆಸರಿಟ್ಟು ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎನ್ನಿಸದೆ ಇರದು.

ಹೊಸ ನೋಡಿನಲ್ಲಿ ವೃತ್ತಾಕಾರದ ಪವರ್ ವಿಂಡೊ ತೆಗೆದುಕೊಳ್ಳಿ. ಅದರ ಕೇಂದ್ರವನ್ನು ಸೂರ್ಯನ ಕಡೆಗೆ ಎಳೆಯಿರಿ. ಸರೀ ಸೂರ್ಯನ ಮೇಲೆ ಬೇಡ, ಸೂರ್ಯನಿಗೂ ಜೋಡಿಗೂ ನಡುವೆ, ಸೂರ್ಯನಿಗೆ ಹತ್ತಿರವಾಗಿ. ಕಣ್ಣು ಓಡಾಡಬೇಕಾದದ್ದು ಅವರಿಬ್ಬರ ನಡುವೆ. ಅಡ್ಡಡ್ಡ ಹಿಗ್ಗಿಸಿ ಅಂಡಾಕಾರ ಮಾಡಿ, ಎಡಬದಿಯನ್ನು ಫ್ರೇಮಿನ ಆಚೆಗೆ ತಳ್ಳಿ. ಕೆಳಬದಿಯನ್ನೂ ಫ್ರೇಮಿನಿಂದ ಹೊರಗೆ ಇಳಿಸಿಬಿಡಿ. ಇದಕ್ಕೆ ಕಾರಣವಿದೆ. ಸೂರ್ಯಾಸ್ತದ ಶಾಟಿನಲ್ಲಿ ಕೆಳಭಾಗ ಆಗಲೇ ಕತ್ತಲು. 200ರಲ್ಲಿರುವ ಮರಳನ್ನು ಇನ್ನಷ್ಟು ಇಳಿಸಿದರೆ ಒದ್ದೆ ಮರಳಿನ ಮಿಣುಕು, ಅಲೆ ಹಿಂದೆ ಸರಿದಾಗ ಉಳಿಯುವ ನೊರೆಯ ಗೆರೆ ಎಲ್ಲ ಹೋಗಿ ಮೂಲೆ ಮುದ್ದೆಯಾಗುತ್ತದೆ. ಈಗ ವಿನ್ಯೆಟ್ ತಾಗುವುದು ಮುಖ್ಯವಾಗಿ ಬಲಗಡೆಯ ಮೇಲಿನ ಮೂಲೆಗೆ, ಸ್ವಲ್ಪಮಟ್ಟಿಗೆ ಮೇಲಂಚಿಗೆ, ಬಲ ಅಂಚಿಗೆ ತೀರಾ ಕಡಿಮೆ. ನಾಲ್ಕು ಮೂಲೆಗಳಲ್ಲಿ ಒಂದಕ್ಕೇ ಹಾಕಿದರೆ ಅದು ವಿನ್ಯೆಟ್ಟೇ ಎಂದು ಕೇಳುವವರಿದ್ದಾರೆ. ಹೌದು, ಅದೂ ವಿನ್ಯೆಟ್ಟೇ.

ವಿಂಡೊವನ್ನು ತಿರುಗುಮುರುಗು ಮಾಡುವ ಗುಂಡಿ ಒತ್ತಿದರೆ ಹೊರಭಾಗ ಕೈಗೆ ಸಿಗುತ್ತದೆ. ಮೃದುತನವನ್ನು ಧಾರಾಳವಾಗಿ ಏರಿಸಿ. ಒಳಗಿನಿಂದ ಹೊರಗಿನವರೆಗಿನ ಇಳಿಜಾರು ಫ್ರೇಮಿನ ಅಗಲದ ಮೂರನೇ ಒಂದು ಭಾಗವನ್ನಾದರೂ ಆವರಿಸಿರಲಿ. ಇನ್ನು ಕತ್ತಲು ಮಾಡುವುದು ಯಾವುದರಿಂದ? ಇಲ್ಲೂ ಗೇನ್ ಬೇಡ. ಮೇಲಿನ ಮೂಲೆಯಲ್ಲಿ ಮೋಡದ ಅಂಚು ಬೆಳಕು ಹಿಡಿದು ಮಿಂಚುತ್ತಿದ್ದರೆ ಗೇನ್ ಅದನ್ನೇ ಮೊದಲು ಸಾಯಿಸುತ್ತದೆ. ಗಾಮಾ ಇಳಿಸಿದರೆ ನಡುಬೆಳಕು ತಗ್ಗುತ್ತದೆ, ತುದಿಯ ಬಿಳಿ ಬಹುಪಾಲು ನಿಲ್ಲುತ್ತದೆ. ಮೂಲೆಯ ಆಕಾಶ 420 ಇದ್ದದ್ದು 340ರ ಸುಮಾರಿಗೆ ಬಂದರೆ ಸಾಕು.

ಇಷ್ಟು ಮಾಡಿದಾಗ ಒಂದು ವಿಚಿತ್ರ ಕಾಣಿಸುತ್ತದೆ. ಮೂಲೆಯಲ್ಲಿ ತಿಳಿ ಕಿತ್ತಳೆ ಇದ್ದಿದ್ದರೆ ಅದೀಗ ಕಂದು. ನಾವೇನೂ ಕಂದು ಬಣ್ಣ ಬೆರೆಸಿಲ್ಲ. ಕಂದು ಎನ್ನುವುದು ಬೇರೆ ಬಣ್ಣವೇ ಅಲ್ಲ. ಸುತ್ತಲಿಗಿಂತ ಕತ್ತಲಾದ ಕಿತ್ತಳೆಯನ್ನು ಕಣ್ಣು ಕಂದು ಎಂದು ಓದುತ್ತದೆ. ಹಳೇ ಆಲ್ಬಮ್ಮಿನ ಸೆಪಿಯ ಛಾಯೆ ಬಂದು ಆಕಾಶಕ್ಕೆ ಧೂಳು ಹಿಡಿದಂತೆ ಕಾಣುವುದಕ್ಕೆ ಇದೇ ಕಾರಣ. ನಿಜವಾದ ಸಂಜೆಯ ಆಕಾಶ ಸೂರ್ಯನಿಂದ ದೂರ ಹೋದಂತೆ ಕತ್ತಲಾಗುವುದರ ಜೊತೆಗೆ ನೀಲಿಗೂ ತಿರುಗುತ್ತದೆ. ಹಾಗಾಗಿ ವಿನ್ಯೆಟ್ ನೋಡಿನಲ್ಲೇ ಗಾಮಾ ಚಕ್ರದ ಚೆಂಡನ್ನು ನೀಲಿಯ ಕಡೆಗೆ ಒಂದು ಕೂದಲಷ್ಟು ಸರಿಸಿ, ಸ್ಯಾಚುರೇಷನ್ 50 ಇದ್ದದ್ದನ್ನು 45ಕ್ಕೆ ತನ್ನಿ. ಕಂದು ಹೋಗಿ ಮುಸ್ಸಂಜೆಯ ನೇರಳೆಬೂದು ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು. ಅಂಚು ಕಪ್ಪಾಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಪ್ರಭೆಯ ಬಿಸಿ ಮಾತ್ರ ಹೆಚ್ಚಾದಂತೆ ಕಾಣುತ್ತದೆ.

ಹೆಚ್ಚಾಯಿತೋ ಎಂದು ತಿಳಿಯಲು `Ctrl+D` ಒತ್ತಿ ಆ ನೋಡನ್ನು ಆರಿಸಿ, ಮತ್ತೆ ಹೊತ್ತಿಸಿ. ಆರಿಸಿದಾಗ ಚಿತ್ರ ಸ್ವಲ್ಪ ಹರಡಿಹೋದಂತೆ ಕಂಡು, ಹೊತ್ತಿಸಿದಾಗ ಕಣ್ಣು ಸೂರ್ಯನ ಕಡೆ ಹೋದರೆ ಸರಿಯಾಗಿದೆ. ಹೊತ್ತಿಸಿದಾಗ ಮೊಟ್ಟೆಯ ಆಕಾರವೇ ಕಂಡರೆ ಹೆಚ್ಚಾಗಿದೆ. ಆಗ ಎಲ್ಲವನ್ನೂ ಮತ್ತೆ ತಿದ್ದಬೇಕಿಲ್ಲ. ಕೀ ಪ್ಯಾಲೆಟ್ಟಿನಲ್ಲಿ `Key Output` ಗೇನನ್ನು 1ರಿಂದ 0.6ಕ್ಕೋ 0.7ಕ್ಕೋ ಇಳಿಸಿದರೆ ನೋಡಿನ ಪ್ರಭಾವ ಒಟ್ಟಾಗಿ ತಗ್ಗುತ್ತದೆ. ಅರ್ಧ ಗಂಟೆ ಒಂದೇ ಶಾಟನ್ನು ದಿಟ್ಟಿಸಿದ ಕಣ್ಣಿಗೆ ಕತ್ತಲೆ ಒಗ್ಗಿಹೋಗಿರುತ್ತದೆ. ಎದ್ದು ಕಾಫಿ ಕುಡಿದು ಬಂದು ನೋಡುವುದು ಯಾವ ಸ್ಕೋಪಿಗಿಂತಲೂ ನಂಬಿಗಸ್ತ.

ಕ್ಯಾಮೆರಾ ಅಲ್ಲಾಡಿದರೆ ಏನು ಗತಿ? ಟ್ರೈಪಾಡ್ ಮೇಲಿನ ಶಾಟಿಗೆ ಚಿಂತೆಯಿಲ್ಲ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ, ಅವನ ಬಿಲ್ಲೆಯ ಅಗಲ ಅರ್ಧ ಡಿಗ್ರಿ. ಇಪ್ಪತ್ತು ಸೆಕೆಂಡಿನಲ್ಲಿ ತನ್ನದೇ ಅಗಲದ ಆರನೇ ಒಂದು ಭಾಗ ಜಾರುತ್ತಾನೆ ಅಷ್ಟೆ. ಅಷ್ಟು ಮೃದುವಾದ ವಿಂಡೊಗೆ ಅದು ಲೆಕ್ಕಕ್ಕಿಲ್ಲ. ಗಿಂಬಲ್ ಹಿಡಿದು ಜೋಡಿಯ ಸುತ್ತ ನಡೆದ ಶಾಟಾದರೆ ಮಾತು ಬೇರೆ. ನಾವು ವಿನ್ಯೆಟ್ಟನ್ನು ಲೆನ್ಸಿಗೆ ಕಟ್ಟದೆ ಸೂರ್ಯನಿಗೆ ಕಟ್ಟಿದ್ದೇವೆ. ಸೂರ್ಯ ಫ್ರೇಮಿನಲ್ಲಿ ಸರಿದಾಗ ಅದೂ ಸರಿಯಬೇಕು, ಇಲ್ಲದಿದ್ದರೆ ಬೆಳಕಿನ ಹೊಂಡ ಎಡಗಡೆಯಲ್ಲೇ ನಿಂತು ಸೂರ್ಯ ಕತ್ತಲೊಳಕ್ಕೆ ನಡೆದುಹೋಗುತ್ತಾನೆ. ಟ್ರ್ಯಾಕರಿಗೆ ಹೋಗಿ ಪ್ಯಾನ್ ಮತ್ತು ಟಿಲ್ಟ್ ಎರಡನ್ನೇ ಉಳಿಸಿ, ಜೂಮ್, ತಿರುಗುವಿಕೆ, ಪರ್ಸ್‌ಪೆಕ್ಟಿವ್‌ಗಳ ಗುರುತು ತೆಗೆದು ಟ್ರ್ಯಾಕ್ ಮಾಡಿ. ದೊಡ್ಡ ವಿಂಡೊದೊಳಗೆ ಅಲೆಗಳೂ ಬರುವುದರಿಂದ ಟ್ರ್ಯಾಕರು ಅವುಗಳ ಹಿಂದೆ ಓಡುವ ಸಂಭವವಿದೆ. ಹಾಗಾದರೆ ವಿಂಡೊವನ್ನು ತಾತ್ಕಾಲಿಕವಾಗಿ ಚಿಕ್ಕದು ಮಾಡಿ ಸೂರ್ಯ ಮತ್ತು ಕ್ಷಿತಿಜದ ಮೇಲಿಟ್ಟು ಟ್ರ್ಯಾಕ್ ಮಾಡಿ, ಆಮೇಲೆ ಮೊದಲಿನ ಗಾತ್ರಕ್ಕೆ ಹಿಗ್ಗಿಸಬಹುದು.

ಫೋನಿನಲ್ಲಿ ಹಿಡಿದ ಕ್ಲಿಪ್ಪಿಗೆ ಇನ್ನೊಂದು ತಾಪತ್ರಯ. ಎಕ್ಸ್‌ಪೋಷರ್ ಲಾಕ್ ಮಾಡದೆ ಹಿಡಿದಿದ್ದರೆ ಜೋಡಿ ನಡುವೆ ಬಂದ ಕೂಡಲೇ ಫೋನು ಅವರಿಗಾಗಿ ಇಡೀ ಚಿತ್ರವನ್ನು ಬೆಳಗಿಸುತ್ತದೆ, ಅವರು ಸರಿದ ಕೂಡಲೇ ಮತ್ತೆ ಕತ್ತಲು. ವೇವ್‌ಫಾರ್ಮ್ ಉಸಿರಾಡುತ್ತಿರುವುದು ಕಾಣುತ್ತದೆ. ಒಂದು ಕ್ಷಣಕ್ಕೆ ಹೊಂದಿಸಿದ ಕರ್ವ್ ಮುಂದಿನ ಕ್ಷಣಕ್ಕೆ ತಪ್ಪು. ಕೀಫ್ರೇಮ್ ಹಾಕಿ ಸರಿದೂಗಿಸಬಹುದಾದರೂ ಬೆಳಕು ಉಕ್ಕಿದ ಫ್ರೇಮುಗಳಲ್ಲಿ ಕತ್ತರಿಸಿಹೋದ ಪ್ರಭೆ ಸಿಗದು. ಹಿಡಿಯುವಾಗಲೇ ಆಕಾಶದ ಮೇಲೆ ಬೆರಳಿಟ್ಟು ಲಾಕ್ ಮಾಡಿ, ಒಂದಿಷ್ಟು ಕತ್ತಲು ಮಾಡಿ ಹಿಡಿದರೆ ಮುಗಿಯಿತು.

ಕೊನೆಗೆ ಎಕ್ಸ್‌ಪೋರ್ಟ್. ನಿಮ್ಮ ಮಾನಿಟರಿನಲ್ಲಿ ನುಣ್ಣಗಿದ್ದ ಆಕಾಶ ಅಪ್‌ಲೋಡ್ ಆದಮೇಲೆ ಪಟ್ಟೆಪಟ್ಟೆಯಾಗಿ ಕಾಣುವುದುಂಟು. ಆಕಾಶದ ಸ್ವಂತ ಇಳಿಜಾರಿನ ಮೇಲೆ ವಿನ್ಯೆಟ್ಟಿನ ಇಳಿಜಾರೂ ಸೇರಿರುತ್ತದೆ. ಅತಿ ನುಣುಪಾದ ಇಂಥ ಜಾಗದಲ್ಲಿ ಕಂಪ್ರೆಷನ್ ಬಿಟ್ಟುಗಳನ್ನು ಉಳಿಸಲು ಹೋಗಿ ಮೆಟ್ಟಿಲು ಮಾಡುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ ಇದು ಇನ್ನೂ ಕೆಟ್ಟದು. ತೀರಾ ತೆಳುವಾದ ಗ್ರೇನ್ ಸೇರಿಸಿದರೆ ಮೆಟ್ಟಿಲಿನ ಅಂಚುಗಳು ಒಡೆದು ಕಣ್ಣಿಗೆ ಕಾಣದಂತಾಗುತ್ತವೆ. ಗ್ರೇನ್ ಕ್ಲಿಪ್ಪೊಂದನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು ಓವರ್‌ಲೇ ಮೋಡಿಗೆ ಹಾಕಿ ಅಪಾರದರ್ಶಕತೆ ತಗ್ಗಿಸಿದರೆ ಉಚಿತ ಆವೃತ್ತಿಯಲ್ಲೂ ಆಗುತ್ತದೆ. ವಾಟ್ಸ್ಆ್ಯಪ್ ಅದನ್ನೂ ಹಿಂಡಿ ತೆಗೆಯುತ್ತದೆ, ಅದಕ್ಕೆ ಮದ್ದಿಲ್ಲ. ಗಿರಾಕಿಗೆ ಲಿಂಕ್ ಕಳಿಸಿ.

ಇನ್ನು ಆ ಶಾಟಿನ ಪಕ್ಕದ್ದು. ಜೋಡಿಯ ಮುಖ ಕಾಣುವ, ಕ್ಯಾಮೆರಾ ಸೂರ್ಯನಿಗೆ ಬೆನ್ನು ಮಾಡಿ ಹಿಡಿದ ಕ್ಲೋಸಪ್ ಟೈಮ್‌ಲೈನಿನಲ್ಲಿ ಮುಂದೆಯೇ ಕೂತಿರುತ್ತದೆ. ಗ್ಯಾಲರಿಯಿಂದ ಇಡೀ ಗ್ರೇಡನ್ನು ಎತ್ತಿ ಅದರ ಮೇಲೆ ಹಾಕುವುದು ಎಲ್ಲರ ರೂಢಿ. ಹಾಕಿದರೆ ಕರ್ವ್ ಅವರ ಹಣೆ, ಕೆನ್ನೆಯ ಮೇಲಿನ ಬೆಳಕನ್ನು ಸೂರ್ಯನ ಪ್ರಭೆಯೆಂದೇ ತಿಳಿದು ಇಳಿಸುತ್ತದೆ, ಚರ್ಮ ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ. ವಿನ್ಯೆಟ್ಟು ಅಲ್ಲಿಲ್ಲದ ಸೂರ್ಯನನ್ನು ಎಡಗಡೆ ಹುಡುಕುತ್ತ ಹುಡುಗಿಯ ಕಿವಿಯೋಲೆಯನ್ನು ಕತ್ತಲಿಗೆ ತಳ್ಳುತ್ತದೆ. ಕರ್ವಿಗೂ ಮೊದಲು ಬಿಳಿಯ ಸಮತೋಲನ ಮಾಡಿದ ನೋಡ್ ಇದ್ದರೆ ಈ ಕ್ಲೋಸಪ್ಪಿಗೆ ಅದನ್ನಷ್ಟೇ ಒಯ್ಯಿರಿ. ಬೆಳಕು ಈಗ ಎದುರಿನಿಂದ ಮುಖಕ್ಕೆ ಬೀಳುತ್ತಿದೆ, ಹಿಂದಿನ ಆಕಾಶ ಆಗಲೇ ತಣ್ಣಗಿದೆ. ವಿನ್ಯೆಟ್ ಬೇಕೆನಿಸಿದರೆ ಹೊಸದಾಗಿ ಹಾಕಬೇಕು, ಹೆಚ್ಚಿನ ಸಲ ಬೇಕೆನಿಸುವುದೇ ಇಲ್ಲ.